ಎಲ್ಲರೂ ಐದು ಸ್ಟಾರ್ ಕೊಟ್ಟರೂ ಸ್ಕೋರ್ 88ಕ್ಕೆ ಇಳಿದಿದೆ, ಯಾಕೆ?

ಸೋಮವಾರಪೇಟೆ ಲೋಗೋ: ಆನ್‌ಲೈನಿನಲ್ಲಿ ಕೆಲಸ ಸಿಗುವ ಅಪ್‌ವರ್ಕ್ ತಾಣದಲ್ಲಿ ಎರಡು ವರ್ಷದಲ್ಲಿ 16 ಲೋಗೋ ಕೆಲಸ ಮುಗಿಸಿದ್ದೇನೆ. ಎಲ್ಲರೂ ಐದು ಸ್ಟಾರ್ ಕೊಟ್ಟಿದ್ದಾರೆ. ಆದರೂ ಜಾಬ್ ಸಕ್ಸೆಸ್ ಸ್ಕೋರ್ 100ರಿಂದ 88ಕ್ಕೆ ಬಂದಿದೆ. ಮಳೆಯಲ್ಲಿ ಕರೆಂಟ್ ಹೋಗಿ ಉತ್ತರ ತಡವಾಗಿದ್ದಕ್ಕಾ? ಮತ್ತೆ ಏರಿಸೋದು ಹೇಗೆ?

ಗೋಣಿಕೊಪ್ಪ ಕೋಡ್: ತಡವಾದ ಉತ್ತರ ಈ ಸ್ಕೋರಿಗೆ ನೇರವಾಗಿ ಸೇರುವುದಿಲ್ಲ. ಕೆಲಸ ಮುಗಿದಾಗ ಗ್ರಾಹಕರು ಎಲ್ಲರಿಗೂ ಕಾಣುವ ಸ್ಟಾರ್ ಅಲ್ಲದೆ, ನಿಮಗೆ ಕಾಣದ ಹಾಗೆ 0ರಿಂದ 10ರ ಒಳಗೆ ಒಂದು ಅಂಕ ಕೊಡುತ್ತಾರೆ. ಎದುರಿಗೆ ಬೇಜಾರು ಮಾಡಲು ಇಷ್ಟವಿಲ್ಲದವರು ಅಲ್ಲಿ ಮನಸ್ಸಿನಲ್ಲಿದ್ದದ್ದನ್ನು ಹೇಳುತ್ತಾರೆ. ಅಪ್‌ವರ್ಕ್ ವಿವರಿಸಿದ ಲೆಕ್ಕ ಇದು: ಒಳ್ಳೆಯ ಫಲಿತಾಂಶಗಳಿಂದ ಕೆಟ್ಟವನ್ನು ಕಳೆದು, ಒಟ್ಟು ಸಂಖ್ಯೆಯಿಂದ ಭಾಗಿಸಬೇಕು. ನಿಮ್ಮ 16ರಲ್ಲಿ ಒಂದು ಕೆಟ್ಟಿದ್ದರೆ 15ರಲ್ಲಿ 1 ಕಳೆದು 14. ಅದನ್ನು 16ರಿಂದ ಭಾಗಿಸಿದರೆ 87.5. ಒಬ್ಬರೇ ಸಾಕಾಯಿತು ನೋಡಿ. ದೊಡ್ಡ ಕೆಲಸಕ್ಕೆ ತೂಕ ಜಾಸ್ತಿ, ಹಾಗಾಗಿ ಇದು ಅಂದಾಜು ಮಾತ್ರ.

ಮಡಿಕೇರಿ ಮಂಜು: "ಒಬ್ಬರೇ ಸಾಕಾಯಿತು" ಅಂದ್ರಲ್ಲ, ಹಾಗಾದ್ರೆ ಪರಿಹಾರವೂ ಸುಲಭ. ಬೆಂಗಳೂರಲ್ಲಿರುವ ಅಣ್ಣನ ಅಕೌಂಟಿನಿಂದ ಐದೈದು ಡಾಲರಿನ ನಾಲ್ಕು ಕೆಲಸ ಕೊಡಿಸಿ. ಆರು ತಿಂಗಳಲ್ಲಿ ಹಳೆಯದು ಹೇಗೂ ಅಳಿಸಿಹೋಗುತ್ತದೆ.

ಗೋಣಿಕೊಪ್ಪ ಕೋಡ್: ಆ ಹುಡುಗಿಗೆ ದಯವಿಟ್ಟು ಇದನ್ನು ಹೇಳಿಕೊಡಬೇಡಿ. ಸುಳ್ಳು ಕೆಲಸ ತೋರಿಸಿ ಅಂಕ ಗಳಿಸುವುದು ನಿಯಮಕ್ಕೆ ವಿರುದ್ಧ, ಅಕೌಂಟೇ ಹೋಗಬಹುದು. ಆರು ತಿಂಗಳ ಮಾತೂ ಅರ್ಧ ಸರಿ. 6, 12, 24 ತಿಂಗಳು, ಮೂರೂ ಅವಧಿಗೆ ಲೆಕ್ಕ ಹಾಕಿ ಒಳ್ಳೆಯದನ್ನು ತೋರಿಸುತ್ತಾರೆ. ಕಳೆದ ಆರು ತಿಂಗಳಲ್ಲಿ ಮೂರೇ ಕೆಲಸವಿದ್ದು, ಅದರಲ್ಲಿ ಒಂದು ಕೆಟ್ಟಿದ್ದರೆ ಅಲ್ಲಿ ಬರುವುದು 33. ಅದಕ್ಕೇ ಅವರಿಗೆ ಎರಡು ವರ್ಷದ 88 ಕಾಣುತ್ತಿದೆ.

ಕಕ್ಕಬ್ಬೆ ಹೋಂಸ್ಟೇ: ತಡವಾದ ಉತ್ತರ ಸೇರುವುದಿಲ್ಲ ಅಂತ ಯಾರು ಹೇಳಿದ್ದು? ರೂಮ್ ಬಾಡಿಗೆಗೆ ಕೊಡುವ ಏರ್‌ಬಿಎನ್‌ಬಿಯಲ್ಲಿ ಸೂಪರ್‌ಹೋಸ್ಟ್ ಪಟ್ಟ ಸಿಗಲು ಉತ್ತರದ ಪ್ರಮಾಣ 90 ಶೇಕಡ ಇರಲೇಬೇಕು. ಜುಲೈಯಲ್ಲಿ ನಮ್ಮಲ್ಲಿ ಎರಡು ದಿನ ಟವರ್ ಇರಲಿಲ್ಲ, ಆ ಪಟ್ಟ ಹೋಯಿತು.

ಗೋಣಿಕೊಪ್ಪ ಕೋಡ್: ಸರ್, ಅವರು ಕೇಳಿದ್ದು ಲೋಗೋ ಕೆಲಸದ ಸ್ಕೋರ್.

ಮಡಿಕೇರಿ ಮಂಜು: ನನ್ನ ತಂಗಿ ಐದು ನಿಮಿಷಕ್ಕೆ ಉತ್ತರಿಸುತ್ತಾಳೆ, ಹುಡುಕಿದಾಗ ಅವಳ ರೂಮು ಪಟ್ಟಿಯಲ್ಲಿ ಮೇಲೆ ಬರುತ್ತದೆ. ನೀವು ಬೇಗ ಉತ್ತರಿಸಿದ್ದರೆ 90 ದಾಟುತ್ತಿತ್ತು.

ಕಕ್ಕಬ್ಬೆ ಹೋಂಸ್ಟೇ: ಬೇಗಕ್ಕೂ 90ಕ್ಕೂ ಸಂಬಂಧವೇ ಇಲ್ಲ! 24 ಗಂಟೆಯೊಳಗೆ ಉತ್ತರ ಹೋಯಿತಾ ಇಲ್ಲವಾ, ಅಷ್ಟೇ. ಐದನೇ ನಿಮಿಷವೂ ಒಂದೇ, 23ನೇ ಗಂಟೆಯೂ ಒಂದೇ. ಎಷ್ಟು ಬೇಗ ಅನ್ನುವುದನ್ನು ಬೇರೆ ಸಾಲಿನಲ್ಲಿ ತೋರಿಸುತ್ತಾರೆ. ರೂಮ್ ಇಲ್ಲ ಅಂತ ಬುಕಿಂಗ್ ಬೇಡ ಎಂದರೂ ಅದು ಉತ್ತರವೇ.

ಮಡಿಕೇರಿ ಮಂಜು: ಬೇಡ ಅನ್ನುತ್ತಾ ಹೋದರೆ ಪಟ್ಟಿಯಲ್ಲಿ ಕೆಳಗೆ ಹೋಗುತ್ತೀರಿ, ಬರೆದಿಟ್ಟುಕೊಳ್ಳಿ.

ಕಕ್ಕಬ್ಬೆ ಹೋಂಸ್ಟೇ: ನಾನು ಪಟ್ಟಿಯ ಮಾತು ಆಡಿದ್ದೇನಾ? ನಾನು ಹೇಳಿದ್ದು ಉತ್ತರದ ಪ್ರಮಾಣ. ಓದಿ ಮಾತಾಡಿ ಮಾರಾಯ್ರೆ. ವಿರಾಜಪೇಟೆಗೆ ಹೋಗುವ ಬಸ್ಸಿನವನ ಕೈಲಿ ಫೋನ್ ಕೊಟ್ಟು, ಸಿಗ್ನಲ್ ಸಿಕ್ಕಲ್ಲಿ ಮಗನಿಂದ ಉತ್ತರ ಕಳಿಸಿದವನು ನಾನು.

ಮಡಿಕೇರಿ ಮಂಜು: ಅಷ್ಟು ಮಾಡಿಯೂ ಪಟ್ಟ ಹೋಯಿತಲ್ಲ.

ಕಕ್ಕಬ್ಬೆ ಹೋಂಸ್ಟೇ: ಆ ಐಡಿಯಾ ಹೊಳೆದದ್ದು ಆಮೇಲೆ. ನಿಮಗೆ ಗೆಲ್ಲುವುದೇ ಮುಖ್ಯ.

ಸೋಮವಾರಪೇಟೆ ಲೋಗೋ: ಅಣ್ಣಂದಿರೇ, ನನ್ನ ವಿಷಯ... ಏಲಕ್ಕಿ ಪ್ಯಾಕೆಟ್ ಲೋಗೋಗೆ ಒಬ್ಬರು ಏಳು ಸಲ ತಿದ್ದಿಸಿದರು. ಮಾಡಿಕೊಟ್ಟೆ, ಆದರೆ ಐದನೇ ಸಲಕ್ಕೆ ಸಿಟ್ಟಿನಲ್ಲಿ ಉತ್ತರಿಸಿದ್ದೆ. ಅವರೇನಾ?

ಗೋಣಿಕೊಪ್ಪ ಕೋಡ್: ಇರಬಹುದು, ತಿಳಿಯುವ ದಾರಿಯಿಲ್ಲ. ಕೇಳಲು ಹೋಗಬೇಡಿ, ಅಂಕಕ್ಕಾಗಿ ಹಣ ವಾಪಸು ಕೊಡುವ ಮಾತೂ ಬೇಡ. ಮುಂದಿನ ಕೆಲಸದಲ್ಲಿ ಎಷ್ಟು ಸಲ ತಿದ್ದುತ್ತೀರಿ, ಅದಕ್ಕಿಂತ ಜಾಸ್ತಿಗೆ ಎಷ್ಟು ಅಂತ ಶುರುವಿಗೇ ಬರೆದುಕೊಳ್ಳಿ. ಮೊದಲ ಕರಡು ಕಳಿಸಿದ ದಿನವೇ "ಇದರಲ್ಲಿ ಏನು ಹಿಡಿಸಲಿಲ್ಲ?" ಅಂತ ಕೇಳಿ. ಚೆನ್ನಾಗಿದೆಯಾ ಅಂದರೆ ಹೂಂ ಅಂತಾರೆ ಅಷ್ಟೇ. ಕೆಲಸ ನಡೆಯುತ್ತಿರುವಾಗ ಹೊರಬಂದ ಬೇಜಾರನ್ನು ಸರಿಮಾಡಬಹುದು. ಮುಗಿದ ಮೇಲೆ ಅದು ಆ ಕಾಣದ ಅಂಕಕ್ಕೆ ಹೋಗಿ ಕೂರುತ್ತದೆ. ಈ 16 ಕೆಲಸ ಲೆಕ್ಕದಿಂದ ಹೊರಬೀಳುವ ಮೊದಲೇ ಮುಂದಿನ ಎಂಟೂ ಒಳ್ಳೆಯದಾದರೆ 23ರಲ್ಲಿ 1 ಕಳೆದು 22, ಅದನ್ನು 24ರಿಂದ ಭಾಗಿಸಿದರೆ ಸುಮಾರು 92.

ಮಡಿಕೇರಿ ಮಂಜು: ಎಂಟು ಕೆಲಸಕ್ಕೆ ಅವರಿಗೆ ಒಂದು ವರ್ಷ ಬೇಕು. ನಾನು ಹೇಳಿದ್ದರಲ್ಲಿ ಒಂದೇ ವಾರ.

ಸೋಮವಾರಪೇಟೆ ಲೋಗೋ: ಒಂದು ವರ್ಷವೇ ಆಗಲಿ ಅಣ್ಣ. ಇವತ್ತು ಬಂದ ಕೆಲಸಕ್ಕೆ ಮೂರು ತಿದ್ದುಪಡಿ ಅಂತ ಬರೆದೇ ಕಳಿಸಿದ್ದೇನೆ.

ಕಕ್ಕಬ್ಬೆ ಹೋಂಸ್ಟೇ: ಮಂಜು, ಬೇಡ ಅಂದರೆ ಕೆಳಗೆ ಹೋಗುತ್ತೇವೆ ಅಂತ ಎಲ್ಲಿ ಬರೆದಿದೆ? ಇನ್ನೂ ಹೇಳಿಲ್ಲ ನೀವು.