ಡೆತ್ ನೋಟ್ಸ್‌ನಲ್ಲಿ ಆರು ಡಯಾಗ್ನೋಸಿಸ್ ಇದ್ದರೆ ಸಾವಿನ ಕಾರಣ ಬರೆಯುವ ಫಾರ್ಮ್ 4ರಲ್ಲಿ ಯಾವುದು ಎಲ್ಲಿ?

ಹೌಸ್ ಸರ್ಜನ್:
62 ವರ್ಷದ ಪೇಷಂಟ್. ಶುಗರ್ 15 ವರ್ಷದಿಂದ, ಬಿಪಿ 20 ವರ್ಷದಿಂದ. ಬಲಗಾಲಿನ ಹುಣ್ಣು 10 ದಿನದಿಂದ ಕಪ್ಪಾಗಿ, ವೆಟ್ ಗ್ಯಾಂಗ್ರೀನ್ ಅಂತ ಅಡ್ಮಿಟ್. ಮಾರನೇ ದಿನ ಕಾಲು ತೆಗೆದರು. ಮೂರನೇ ದಿನ ಬಿಪಿ ಬಿತ್ತು, ಆಮೇಲೆ ಕ್ರಿಯಾಟಿನಿನ್ ಏರಿತು, ಡಯಾಲಿಸಿಸ್ ಆಯಿತು. ಐದನೇ ದಿನ ತೀರಿಕೊಂಡರು. ನಾನು (ಎ) ಕಾರ್ಡಿಯೋ ರೆಸ್ಪಿರೇಟರಿ ಅರೆಸ್ಟ್, (ಬಿ) ಸೆಪ್ಟಿಕ್ ಶಾಕ್, ಎಕೆಐ, (ಸಿ) ಡಿಎಂ, ಹೆಚ್‌ಟಿಎನ್ ಅಂತ ಬರೆದೆ. ರೆಕಾರ್ಡ್ಸ್‌ನವರು ವಾಪಸ್ ಕಳಿಸಿದ್ದಾರೆ. ಹೇಗೆ ಜೋಡಿಸಲಿ?

ಪಿಜಿ, ಸರ್ಜರಿ:
ಸುಲಭ. ಎಷ್ಟು ಕಾಲದಿಂದ ಇದೆ ನೋಡಿ. ಹೊಸದು ಮೇಲೆ, ಹಳೆಯದು ಕೆಳಗೆ. ಹಾಗಾದರೆ ಬಿಪಿ ಎಲ್ಲಕ್ಕಿಂತ ಕೆಳಗೆ ಬರುತ್ತದೆ. ಅರೆಸ್ಟ್ ಎಲ್ಲರೂ ಬರೆಯುತ್ತಾರೆ, ಇರಲಿ ಬಿಡಿ.

ಮೆಡಿಸಿನ್ ಪ್ರೊಫೆಸರ್:
ಅರೆಸ್ಟ್ ಮೊದಲು ತೆಗೆಯಿರಿ. ಸತ್ತವರೆಲ್ಲರ ಹೃದಯವೂ ನಿಂತೇ ಇರುತ್ತದೆ, ಅದನ್ನು ಬರೆದು ಏನು ತಿಳಿಯಿತು?

ಅವಧಿ ನೋಡಬೇಕು, ಅದು ಸರಿ. ಆದರೆ ಅದು ತಾಳೆ ನೋಡೋಕೆ ಮಾತ್ರ. ಕೆಳಗಿನ ಸಾಲು ಮೇಲಿನದಕ್ಕಿಂತ ಹೊಸದಾಗಿದ್ದರೆ ತಪ್ಪಾಗಿದೆ ಅಂತ ಗೊತ್ತಾಗುತ್ತದೆ. ಹಳೆಯದು ಅನ್ನುವ ಒಂದೇ ಕಾರಣಕ್ಕೆ ಯಾವುದೂ ಕೆಳಗೆ ಹೋಗುವುದಿಲ್ಲ. ಕೆಳಗಿನಿಂದ ಮೇಲಕ್ಕೆ ‘ಇದರಿಂದ ಅದು ಆಯಿತು’ ಅಂತ ಓದಿ. ಶುಗರ್‌ನಿಂದ ಗ್ಯಾಂಗ್ರೀನ್, ಗ್ಯಾಂಗ್ರೀನ್‌ನಿಂದ ಸೆಪ್ಟಿಕ್ ಶಾಕ್. ಸರಾಗವಾಗಿ ಓದಿಸಿಕೊಳ್ಳುತ್ತದೆ. ಬಿಪಿಯಿಂದ ಶುಗರ್ ಬಂತು ಅಂತ ಓದಿ ನೋಡಿ, ಅಲ್ಲೇ ಮುಗ್ಗರಿಸುತ್ತೀರಿ.

ಹಾಗಾಗಿ ಭಾಗ 1 ಹೀಗಿರಲಿ:

(ಎ) ಸೆಪ್ಟಿಕ್ ಶಾಕ್: 2 ದಿನ
(ಬಿ) ಬಲಗಾಲಿನ ವೆಟ್ ಗ್ಯಾಂಗ್ರೀನ್: 14 ದಿನ
(ಸಿ) ಟೈಪ್ 2 ಡಯಾಬಿಟಿಸ್: 15 ವರ್ಷ

ಬಿಪಿ ಭಾಗ 2ಕ್ಕೆ ಹೋಗುತ್ತದೆ. ಸಾವಿಗೆ ಕೈ ಜೋಡಿಸಿದೆ, ಆದರೆ ಈ ಸರಣಿಯೊಳಗೆ ಇಲ್ಲ.

ಎಕೆಐ, ಅಂದರೆ ಕಿಡ್ನಿ ಕೆಟ್ಟ ವಿಷಯಕ್ಕೆ ಚಾರ್ಟ್ ತೆಗೆದು ನೋಡಿ. ಬಿಪಿ ಮೊದಲು ಬಿತ್ತು, ಕ್ರಿಯಾಟಿನಿನ್ ಆಮೇಲೆ ಏರಿತು ಅಂತ ನೀವೇ ಬರೆದಿದ್ದೀರಿ. ಅಂದರೆ ಅದು ಶಾಕ್‌ನ ಫಲ, ಪಕ್ಕದಲ್ಲಿ ಕೂರಿಸುವ ಕಾರಣವಲ್ಲ. ಭಾಗ 2ಕ್ಕೂ ಹಾಕಬೇಡಿ. ಕೊನೆಗೆ ಪೊಟ್ಯಾಷಿಯಂ ಏರಿಯೇ ಹೋದರು ಅಂತಿದ್ದರೆ ಆಗ (ಎ)ಯಲ್ಲಿ ಕಿಡ್ನಿ ಬರೆದು ಉಳಿದವನ್ನು ಒಂದೊಂದು ಸಾಲು ಕೆಳಗಿಳಿಸಿ, ಒಂದು ಸಾಲು ಜಾಸ್ತಿ ಬೇಕಾದರೆ ಕೈಯಲ್ಲೇ ಸೇರಿಸಿ. ಡಯಾಲಿಸಿಸ್ ಆದ ಮೇಲೆ ಪೊಟ್ಯಾಷಿಯಂ ಎಷ್ಟಿತ್ತು?

ಒಂದು ಸಾಲಿಗೆ ಒಂದೇ ಕಾಯಿಲೆ, ಅದೂ ಪೂರ್ತಿ ಹೆಸರು. ಅವಧಿ ಕಾಯಿಲೆ ಶುರುವಾದಾಗಿನಿಂದ, ಅಡ್ಮಿಟ್ ಆದಾಗಿನಿಂದ ಅಲ್ಲ.

ಹೌಸ್ ಸರ್ಜನ್:
4.6 ಇತ್ತು ಮೇಡಂ. ನಾರ್‌ಅಡ್ರಿನಲಿನ್ ಏರಿಸುತ್ತಲೇ ಹೋದರೂ ಬಿಪಿ ನಿಲ್ಲಲಿಲ್ಲ.

ಮೆಡಿಸಿನ್ ಪ್ರೊಫೆಸರ್:
ಹಾಗಾದರೆ ಶಾಕ್ ಮೇಲೇ ಇರಲಿ.

ಒಬ್ಬ ಸದಸ್ಯ:
ನಮ್ಮ ತಂದೆ ಕಳೆದ ವರ್ಷ ಹೋದರು. ನಗರಸಭೆಯಿಂದ ತಂದ ಮರಣ ಪ್ರಮಾಣಪತ್ರದಲ್ಲಿ ಕಾರಣವೇ ಇಲ್ಲ. ಡಾಕ್ಟರ್ ಬರೆಯೋದು ಮರೆತರಾ? ಇನ್ಶೂರೆನ್ಸ್‌ನವರು ಕೇಳುತ್ತಿದ್ದಾರೆ.

ರೆಕಾರ್ಡ್ಸ್ ಸಿಬ್ಬಂದಿ:
ಅದು ಬೇರೆ ಕಾಗದ ಸರ್. ರಿಜಿಸ್ಟ್ರಾರ್ ಕೊಡುವ ಪತ್ರದಲ್ಲಿ ಕಾರಣ ಹಾಕುವಂತೆಯೇ ಇಲ್ಲ, 1969ರ ಕಾಯ್ದೆಯಲ್ಲೇ ಹಾಗಿದೆ. ಇಲ್ಲಿ ಮಾತಾಡುತ್ತಿರೋದು ಆಸ್ಪತ್ರೆಯ ಡಾಕ್ಟರ್ ಬರೆಯುವ ಫಾರ್ಮ್ 4. ತಂದೆಯವರು ಆಸ್ಪತ್ರೆಯಲ್ಲಿ ಹೋಗಿದ್ದರೆ ಅಲ್ಲಿನ ರೆಕಾರ್ಡ್ಸ್ ವಿಭಾಗದಲ್ಲಿ ಕೇಳಿ.

ಹೌಸ್ ಸರ್ಜನ್ ಸರ್, ವಾಪಸ್ ಕಳಿಸಿದ್ದು ಬೇಜಾರಾಗಲಿ ಅಂತಲ್ಲ. ಸಾವಿನ ಅಂಕಿಅಂಶಕ್ಕೆ ಕೋಡ್ ಹಾಕುವವರು ಮುಖ್ಯವಾಗಿ ಹುಡುಕೋದು ಸರಣಿ ಎಲ್ಲಿಂದ ಶುರುವಾಯಿತು ಅಂತ. ಮೇಡಂ ಬರೆದ ಹಾಗೆ ಬಂದರೆ E11.5 ಆಗುತ್ತದೆ, ಶುಗರ್ ಲೆಕ್ಕಕ್ಕೆ ಸೇರುತ್ತದೆ. ಬರೀ ಸೆಪ್ಸಿಸ್ ಅಂತಿದ್ದರೆ A41.9. ಶುಗರ್ ಕಾಣೋದೇ ಇಲ್ಲ.

ಪಿಜಿ, ಸರ್ಜರಿ:
ಮೇಡಂ, ಡಾಪ್ಲರ್‌ನಲ್ಲಿ ಕಾಲಿನ ರಕ್ತನಾಳ ಪೂರ್ತಿ ಮುಚ್ಚಿತ್ತು. ಅದಕ್ಕೆ ಬಿಪಿಯ ಪಾಲೂ ಇದೆ ಅಲ್ವಾ? ಇವರು ಸಿಗರೇಟ್ ಕೂಡ ಸೇದುತ್ತಿದ್ದರು.

ಮೆಡಿಸಿನ್ ಪ್ರೊಫೆಸರ್:
ಒಪ್ಪುತ್ತೇನೆ. ನರ ಸತ್ತು ಹುಣ್ಣು ಗೊತ್ತಾಗದೇ ಹೋಗಿದ್ದರೆ ನಾನು ಹೊಣೆಯನ್ನು ಶುಗರ್ ಮೇಲೇ ಹಾಕುತ್ತೇನೆ. ರಕ್ತನಾಳವೇ ಮುಖ್ಯ ಅನ್ನುವವರು ಅದಕ್ಕೊಂದು ಸಾಲು ಕೊಟ್ಟು ಅದರ ಕೆಳಗೆ ಶುಗರ್ ಬರೆಯುತ್ತಾರೆ. ಎರಡೂ ಓದಿಸಿಕೊಳ್ಳುತ್ತದೆ. ಪೇಷಂಟ್ ನೋಡಿದ ಯೂನಿಟ್ ತೀರ್ಮಾನಿಸಲಿ. ಸಿಗರೇಟ್ ಭಾಗ 2ರಲ್ಲಿ ಬರೆಯಿರಿ.

ಸ್ಟಾಫ್ ನರ್ಸ್:
ಇನ್ನೊಂದು ವಿಷಯ. ಅಡ್ಮಿಷನ್ ದಿನ ನಾನು ಹಿಸ್ಟರಿ ಬರೆದಾಗ ಅವರ ಮಗ, ತಿಂಗಳ ಹಿಂದೆ ಹೊಲದಲ್ಲಿ ತಗಡು ಕುಯ್ದು ಹುಣ್ಣಾಯಿತು ಅಂದಿದ್ದರು. ಅದು ಡಾಕ್ಟರ್ ನೋಟ್ಸ್‌ನಲ್ಲಿ ಇಲ್ಲ.

ಮೆಡಿಸಿನ್ ಪ್ರೊಫೆಸರ್:
ಇದು ಮೊದಲೇ ಗೊತ್ತಾಗಬೇಕಿತ್ತು. ಸಣ್ಣ ಗೀರಾಗಿದ್ದರೆ ಶುಗರ್ ಕೆಳಗೇ ಉಳಿಯುತ್ತದೆ ಅಂತ ನನ್ನ ಅಭಿಪ್ರಾಯ. ದೊಡ್ಡ ಗಾಯವಾಗಿದ್ದು ಅಂದಿನಿಂದ ಮಾಯದೇ ಇದ್ದರೆ ಅದೇ ಕೊನೇ ಸಾಲು. ಆಗ ಸಾವಿನ ಬಗೆ ‘ಸಹಜ’ ಅಂತ ಟಿಕ್ ಮಾಡುವಂತಿಲ್ಲ, ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಕೇಸ್ ಆಗುತ್ತದಾ ಅನ್ನುವ ಪ್ರಶ್ನೆಯೂ ಏಳುತ್ತದೆ. ಮಗನನ್ನು ಇನ್ನೊಮ್ಮೆ ಕೇಳಿ, ನಿಮ್ಮ ಸೂಪರಿಂಟೆಂಡೆಂಟ್ ಜೊತೆ ಮಾತಾಡಿ. ಅಲ್ಲಿವರೆಗೆ ಸಹಿ ಹಾಕಬೇಡಿ.

ಹೌಸ್ ಸರ್ಜನ್:
ಮಗ ಹೊರಗೇ ಇದ್ದಾರೆ ಮೇಡಂ. ಈಗಲೇ ಕೇಳುತ್ತೇನೆ.