ಹಳೇ ಮನೆಯ ಗಾರೆ, ತೊಲೆ ರಿಪೇರಿ: ಮಾಡಿಸಿದವರು ಹೇಳಿ

ಕೇಳಿದವರು: ಅಜ್ಜನ ಕಾಲದ ಮನೆ. ಗೋಡೆಯ ಬುಡದಲ್ಲಿ ಸುಣ್ಣದ ಗಾರೆ ಉದುರುತ್ತಿದೆ. ಅದರ ಮೇಲೆ ಕೂತಿರುವ ತೊಲೆಯ ತುದಿಯೂ ಮೆತ್ತಗಾಗಿದೆ. ಮೇಸ್ತ್ರಿ ಎಲ್ಲಾ ಕೆತ್ತಿ ಸಿಮೆಂಟ್ ಹಾಕೋಣ ಅಂತಾರೆ. ಹಳೇ ರೂಪ ಹೋಗದಂತೆ ಏನು ಮಾಡಬಹುದು?

ಮೊದಲ ಉತ್ತರ: ಮೇಸ್ತ್ರಿಯನ್ನು ಸ್ವಲ್ಪ ತಡೀರಿ, ಮೊದಲು ದಾಖಲೆ ಆಗಲಿ. ಪ್ರತಿ ಗೋಡೆಯ ನೇರ ಫೋಟೋ ತೆಗೀರಿ, ಪಕ್ಕದಲ್ಲಿ ಅಳತೆಪಟ್ಟಿ ಇರಲಿ. ರಾತ್ರಿ ಟಾರ್ಚನ್ನು ಗೋಡೆಗೆ ಒರಗಿಸಿ ಬೆಳಕು ಬಿಟ್ಟರೆ ಉಬ್ಬು, ಹಳೇ ತೇಪೆ ಎಲ್ಲಾ ಎದ್ದು ಕಾಣುತ್ತೆ. ಆಮೇಲೆ ಬೆರಳ ಗೆಣ್ಣಿನಿಂದ ತಟ್ಟುತ್ತಾ ಹೋಗಿ, ಟೊಳ್ಳು ಸದ್ದು ಬಂದ ಕಡೆ ಸೀಮೆಸುಣ್ಣದಿಂದ ಗೆರೆ ಎಳೆದು ಅದನ್ನೂ ಫೋಟೋ ತೆಗೀರಿ. ಟೊಳ್ಳಿದ್ದರೂ ಒತ್ತಿದಾಗ ಅಲುಗದಿದ್ದರೆ ಅದನ್ನು ಕೆತ್ತಬೇಡಿ.

ಎರಡನೆಯವರು: ಬರೀ ಸುಣ್ಣ ತುಂಬಾ ಮೆತ್ತಗೆ. ನಾನು ಅರ್ಧ ಸಿಮೆಂಟ್ ಬೆರೆಸಿದೆ, ಎರಡೇ ದಿನಕ್ಕೆ ಗಟ್ಟಿಯಾಯ್ತು.

ಮೊದಲನೆಯವರು: ಸುಣ್ಣ ನಿಧಾನಕ್ಕೆ ಗಟ್ಟಿಯಾಗೋದು ನಿಜ. ಆದರೆ ತೊಂದರೆ ಇರೋದೇ ಆ ಸಿಮೆಂಟಿನ ಗಟ್ಟಿತನದಲ್ಲಿ. ನೆಲದಿಂದ ಏರುವ ತೇವ ಸುಣ್ಣದ ಮೂಲಕ ಹೊರಗೆ ಆರುತ್ತೆ. ಸಿಮೆಂಟ್ ಬಂದರೆ ಅದಕ್ಕೆ ದಾರಿ ಇಲ್ಲ, ತೇಪೆಯ ಮೇಲಂಚಿನವರೆಗೂ ಏರಿ ಅಲ್ಲಿ ಉಪ್ಪು ಬಿಟ್ಟು ಹಳೇ ಗಾರೆಯನ್ನು ಪುಡಿ ಮಾಡುತ್ತೆ. ನಿಮ್ಮ ಗೋಡೆಯಲ್ಲಿ ತೇಪೆಗಿಂತ ಒಂದಡಿ ಮೇಲೆ ಬಿಳಿ ಹುಡಿ ಕಾಣುತ್ತಿದೆಯಾ ನೋಡಿ.

ಮೊದಲನೆಯವರು, ಕೇಳಿದವರಿಗೆ: ನೀರು ಎಲ್ಲಿಂದ ಬರುತ್ತಿದೆ ಅಂತ ಹುಡುಕಿ ನಿಲ್ಲಿಸಿ, ಗೋಡೆ ಆರಲಿ. ಒಂದು ಪಾಲು ನೆನೆಸಿ ಹದಮಾಡಿದ ಸುಣ್ಣಕ್ಕೆ ಎರಡೂವರೆಯಿಂದ ಮೂರು ಪಾಲು ಮರಳು. ಹಳೇ ಗಾರೆಯ ತುಂಡು ಪುಡಿ ಮಾಡಿ, ಅದರಲ್ಲಿನ ಮರಳಿನ ಬಣ್ಣ, ದಪ್ಪಕ್ಕೆ ಹೊಂದುವ ಮರಳನ್ನೇ ಹುಡುಕಿ, ಇಲ್ಲದಿದ್ದರೆ ತೇಪೆ ದೂರದಿಂದಲೇ ಗೊತ್ತಾಗುತ್ತೆ. ಗೋಡೆ ನೆನೆಸಿ, ಒಂದು ಪದರ ಹತ್ತು ಮಿಲಿಮೀಟರ್‌ ಮೀರದಂತೆ ಹಚ್ಚಿ, ಮೊದಲಿನದು ಬಿಗಿದ ಮೇಲೆ ಮುಂದಿನದು. ಒದ್ದೆ ಗೋಣಿ ತೂಗುಹಾಕಿ ಬಿಸಿಲು ತಾಗದಂತೆ ನೋಡಿಕೊಳ್ಳಿ. ಬೇಗ ಒಣಗಿದರೆ ಬಿರುಕು ಬಿಡುತ್ತೆ, ಒರೆಸಿದರೆ ಕೈಗೆ ಪುಡಿ ಬರುತ್ತೆ.

ಮೂರನೆಯವರು: ನಮ್ಮ ಬಾಗಿಲ ಚೌಕಟ್ಟಿಗೆ ಗೆದ್ದಲು, ಯಾವ ಪೇಂಟ್ ಹಚ್ಚಬೇಕು?

ನಾಲ್ಕನೆಯವರು: ನಿಮ್ಮದು ಬೇರೆ ಕಥೆ, ಪೇಂಟ್‌ನಿಂದ ಗೆದ್ದಲು ನಿಲ್ಲಲ್ಲ. ತೊಲೆ ವಿಷಯಕ್ಕೆ ಬರ್ತೀನಿ. ಕೆಲಸಕ್ಕೆ ಮುಂಚೆ ಆಸರೆ ಕಂಬ ಕೊಡಿಸಿ. ಮೊಳೆಯಿಂದ ಚುಚ್ಚುತ್ತಾ ಹೋಗಿ, ಎಲ್ಲಿ ಗಟ್ಟಿ ಸಿಕ್ಕಿತೋ ಅಲ್ಲಿವರೆಗಿನ ಮೆತ್ತಗಿನ ಭಾಗ ಮಾತ್ರ ಕತ್ತರಿಸಿ, ಅದೇ ಜಾತಿಯ ಆರಿದ ಮರದ ತುಂಡನ್ನು ಎಳೆ ಹೊಂದಿಸಿ ಓರೆ ಕಚ್ಚಿನಲ್ಲಿ ಕೂಡಿಸಿ. ಎಷ್ಟು ಉದ್ದದ ಕಚ್ಚು ಬೇಕು ಅಂತ ಭಾರ ಲೆಕ್ಕ ಹಾಕುವ ಇಂಜಿನಿಯರ್ ಹೇಳಬೇಕು. ಗೋಡೆಯೊಳಗೆ ಕೂರುವ ತುದಿಯ ಸುತ್ತ ಗಾಳಿಗೆ ಜಾಗ ಬಿಡಿ, ಗಾರೆ ತುಂಬಬೇಡಿ. ಹೊಸ ತುಂಡಿಗೆ ಬಣ್ಣ ಹಚ್ಚಿ ಮರೆಸಬೇಡಿ.

ಎರಡನೆಯವರು: ಅದು ಅತಿಯಾಯ್ತು. ಮನೆಯಲ್ಲಿ ಇರುವವರಿಗೆ ತೇಪೆ ಕಾಣಬೇಕಾ?

ನಾಲ್ಕನೆಯವರು: ಹತ್ತಿರ ಹೋದರೆ ಕಾಣಲಿ, ಹಿಂಬದಿಗೆ ಇಸವಿ ಕೆತ್ತಿಸಿ. ಇಲ್ಲಿ ಎಲ್ಲರೂ ಒಪ್ಪಲ್ಲ ಅಂತ ಗೊತ್ತು.