ಫೆಸ್ಟಿವಲ್‌ಗೆ ಕಳಿಸುವ ನಿರ್ದೇಶಕರ ಪರಿಚಯ: ಏನು ಹಾಕಬೇಕು, ಏನು ಬಿಡಬೇಕು?

ಕೇಳಿದವರು: ನಾನು ಕೋಲಾರ ಕಡೆಯವನು, ಸಿಂಕ್ ಸೌಂಡ್ ರೆಕಾರ್ಡಿಸ್ಟ್. ಸ್ವಂತವಾಗಿ ಎರಡು ಕಿರುಚಿತ್ರ ಮಾಡಿದ್ದೇನೆ. ಈಗ 38 ನಿಮಿಷದ ಸಾಕ್ಷ್ಯಚಿತ್ರ ಮುಗಿದಿದೆ. ಚಿತ್ರೋತ್ಸವಗಳಿಗೆ ಅರ್ಜಿ ಹಾಕುವ ಫಿಲ್ಮ್‌ಫ್ರೀವೇ ತಾಣದಲ್ಲಿ Director Biography ತುಂಬಬೇಕು. ಹಿಂದಿನ ಚಿತ್ರಗಳು, ಅವುಗಳ ವಸ್ತು, ನನ್ನ ಸೌಂಡ್ ಕೆಲಸ ಮೂರನ್ನೂ ಬರೆದರೆ ಒಂದೂವರೆ ಪುಟ ಆಗ್ತಿದೆ. ನೀವೆಲ್ಲ ಹೇಗೆ ಬರೆದಿರಿ?

ಕ್ಯಾಟಲಾಗ್ ಸಂಪಾದಿಸಿದ ಒಬ್ಬರು: ನಾನು ಕೆಲವು ವರ್ಷ ಒಂದು ಚಿತ್ರೋತ್ಸವದ ಕ್ಯಾಟಲಾಗ್ ಕೆಲಸ ನೋಡಿಕೊಂಡಿದ್ದೆ. ಅಲ್ಲಿ ಕಂಡದ್ದನ್ನು ಹೇಳ್ತೀನಿ. ಒಂದು ಚಿತ್ರಕ್ಕೆ ಒಂದು ಪುಟ, ಕೆಲವೊಮ್ಮೆ ಅರ್ಧ ಪುಟ. ಅದರಲ್ಲೇ ಚಿತ್ರದ ಸ್ಟಿಲ್, ಕಥಾಸಾರ, ತಂಡದವರ ಹೆಸರು, ನಿಮ್ಮ ಫೋಟೊ ಎಲ್ಲ ಕೂರಬೇಕು. ಪರಿಚಯಕ್ಕೆ ಉಳಿಯೋದು ಐವತ್ತು ಅರವತ್ತು ಪದ. ಜಾಗ ಸಾಲದಿದ್ದರೆ ನಾವು ಕೆಳಗಿನಿಂದ ಕತ್ತರಿಸಿಕೊಂಡು ಬರ್ತೀವಿ, ಕೂತು ತಿದ್ದುವಷ್ಟು ಸಮಯ ಯಾರಿಗೂ ಇರಲ್ಲ. ಹಾಗಾಗಿ ಒಟ್ಟು ನೂರು ಪದ ದಾಟಬೇಡಿ. ಮೊದಲ ಎರಡು ವಾಕ್ಯ ಮಾತ್ರ ಉಳಿದರೂ ನೀವು ಯಾರು ಅಂತ ಗೊತ್ತಾಗುವ ಹಾಗೆ ಬರೆಯಿರಿ.

'ನಾನು' ಅಂತ ಬೇಡ, 'ಅವರು' ಅಂತ ಬರೆಯಿರಿ. ಪ್ರದರ್ಶನ ಮುಗಿದ ಮೇಲೆ ಪ್ರಶ್ನೋತ್ತರಕ್ಕೆ ನಿಮ್ಮನ್ನು ವೇದಿಕೆಗೆ ಕರೆಯುವವರು ಇದನ್ನೇ ಓದೋದು. 'ನಾನು' ಅಂತ ಹೇಳಿಕೊಳ್ಳಲು Director Statement ಬೇರೆ ಇದೆ. ಈ ಚಿತ್ರ ಯಾಕೆ ಮಾಡಿದಿರಿ ಅನ್ನೋದೂ ಅಲ್ಲಿಗೇ ಹೋಗಲಿ. ಒಂದೂವರೆ ಪುಟ ಆಗ್ತಿದೆ ಅಂದರೆ ಎರಡೂ ಬೆರೆತುಹೋಗಿರಬೇಕು.

ಪ್ರಶಸ್ತಿ ಪಡೆದ ಕಿರುಚಿತ್ರಕಾರರು: ಪದಗಳ ಲೆಕ್ಕ ಒಪ್ಪುತ್ತೇನೆ. ಆದರೆ ಪ್ರಶಸ್ತಿ ಎಷ್ಟಿದ್ದರೂ ಎಲ್ಲ ಹಾಕಿ. ಆಯ್ಕೆ ಸಮಿತಿಯವರು ಮೊದಲು ಅದನ್ನೇ ನೋಡ್ತಾರೆ. ನನ್ನದರಲ್ಲಿ ಉತ್ಸವಗಳು ಕೊಟ್ಟ ಹದಿನಾರು ಲಾರೆಲ್ ಮುದ್ರೆ ಇವೆ, ಸೆಮಿ ಫೈನಲಿಸ್ಟ್ ಕೂಡ ಬಿಟ್ಟಿಲ್ಲ.

ಕ್ಯಾಟಲಾಗ್ ಸಂಪಾದಿಸಿದ ಒಬ್ಬರು: ಪ್ರಶಸ್ತಿ ಹಾಕಬೇಕು ಅನ್ನೋದು ಸರಿ. ಎಲ್ಲವನ್ನೂ ಅನ್ನೋದು ಬೇಡ. ಶುಲ್ಕ ಕಟ್ಟಿಸಿಕೊಂಡು ತಿಂಗಳಿಗೊಮ್ಮೆ ಆನ್‌ಲೈನ್‌ನಲ್ಲೇ ಪ್ರಶಸ್ತಿ ಹಂಚುವ ಸ್ಪರ್ಧೆಗಳು ಬಹಳ ಇವೆ. ಎಲ್ಲೂ ತೆರೆಯ ಮೇಲೆ ಚಿತ್ರ ತೋರಿಸಿರೋದಿಲ್ಲ. ಪ್ರೋಗ್ರಾಮರ್‌ಗಳಿಗೆ ಆ ಹೆಸರುಗಳ ಪರಿಚಯ ಚೆನ್ನಾಗಿಯೇ ಇರುತ್ತೆ. ಅಂಥ ಹದಿನೈದರ ನಡುವೆ ನಿಜವಾದ ಒಂದು ಆಯ್ಕೆ ಇದ್ದರೆ ಅದೂ ಮುಳುಗಿಹೋಗುತ್ತೆ. ಜನ ಕೂತು ನೋಡಿದ ಒಂದೆರಡು ಪ್ರದರ್ಶನ ಬರೆದರೆ ಸಾಕು.

ಒಬ್ಬ ಛಾಯಾಗ್ರಾಹಕರು: ನನಗೆ ಈ ಪರಿಚಯದಿಂದಲೇ ಕೆಲಸ ಸಿಗೋದು. ಅದಕ್ಕೇ ಯಾವ ಕ್ಯಾಮೆರಾ, ಯಾವ ಲೆನ್ಸ್, ಯಾವ ಜಾಹೀರಾತು ಮಾಡಿದ್ದೀನಿ ಎಲ್ಲ ಹಾಕ್ತೀನಿ. ಸೌಂಡ್‌ನವರಾದ ನೀವೂ ನಿಮ್ಮ ರೆಕಾರ್ಡರ್, ಮೈಕ್ ಮಾಡೆಲ್ ಬರೆಯಿರಿ. ಪ್ರೊಡಕ್ಷನ್‌ನವರು ಮೊದಲು ಕೇಳೋದೇ ಅದು.

ಒಬ್ಬ ಸಂಕಲನಕಾರರು: ಅಣ್ಣಾ, ಅದು ಕೆಲಸಕ್ಕೆ ಕಳಿಸುವ ಪ್ರೊಫೈಲ್. ಇವರು ಕೇಳ್ತಿರೋದು ನಿರ್ದೇಶಕರಾಗಿ ಕೊಡುವ ಪರಿಚಯ. ಅದರಲ್ಲಿ ಮೈಕ್ ಮಾಡೆಲ್ ಯಾರಿಗೂ ಬೇಕಾಗಿಲ್ಲ. ಚಿತ್ರದ ತಾಂತ್ರಿಕ ವಿವರಕ್ಕೆ ಅದೇ ಅರ್ಜಿಯಲ್ಲಿ ಬೇರೆ ಜಾಗ ಇದೆ.

ಇನ್ನೊಂದು ಮಾತು. ಪರಿಚಯದಲ್ಲಿ ಬರೆದ ಕೆಲಸಗಳು ಚಿತ್ರದ ಕೊನೆಯ ಟೈಟಲ್ ಕಾರ್ಡ್‌ಗೆ ಹೊಂದಬೇಕು. ನಾನು ಎಡಿಟ್ ಮಾಡಿದ ಒಂದು ಚಿತ್ರದ ನಿರ್ದೇಶಕರು 'ಬರೆದು, ನಿರ್ದೇಶಿಸಿ, ಸಂಕಲಿಸಿದವರು' ಅಂತ ಹಾಕಿಕೊಂಡಿದ್ದರು. ಟೈಟಲ್‌ನಲ್ಲಿ ನನ್ನ ಹೆಸರಿತ್ತು. ನೋಡಿ ತುಂಬ ಬೇಜಾರಾಯ್ತು. ಹೆಸರಿನ ಇಂಗ್ಲಿಷ್ ಸ್ಪೆಲಿಂಗ್ ಕೂಡ ಟೈಟಲ್, ಪೋಸ್ಟರ್, ಅರ್ಜಿ ಮೂರರಲ್ಲೂ ಒಂದೇ ಇರಲಿ. ಇಲ್ಲದಿದ್ದರೆ ನಿಮ್ಮ ಹಳೆಯ ಚಿತ್ರ ಹುಡುಕಿದವರಿಗೆ ಬೇರೆ ಯಾರೋ ಸಿಗ್ತಾರೆ.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ನನ್ನ ವಿವರ ಇಷ್ಟು. 'ತೂಬು', 2019, 11 ನಿಮಿಷ, ಕಥಾಚಿತ್ರ. 'ನೀರುಗಂಟಿ', 2022, 24 ನಿಮಿಷ, ಸಾಕ್ಷ್ಯಚಿತ್ರ. ಈಗಿನದು ಕೆ.ಸಿ. ವ್ಯಾಲಿ ಯೋಜನೆಯ ನೀರು ತುಂಬಿದ ಒಂದು ಕೆರೆಯದ್ದು. ಮೂರಕ್ಕೂ ನಿರ್ದೇಶನ, ಲೊಕೇಶನ್ ಸೌಂಡ್, ಸೌಂಡ್ ಡಿಸೈನ್ ನನ್ನದೇ. ಬೇರೆಯವರ ಕನ್ನಡ, ತೆಲುಗು ಚಿತ್ರಗಳಿಗೂ ಸೌಂಡ್ ಮಾಡಿದ್ದೇನೆ. ವಸ್ತುವಿನ ಬಗ್ಗೆ ಹೀಗೆ ಬರೆದಿದ್ದೆ: 'ಇವರ ಚಿತ್ರಗಳು ಮನುಷ್ಯ ಮತ್ತು ಪ್ರಕೃತಿಯ ನಡುವಿನ ಸಂಘರ್ಷವನ್ನು ಶೋಧಿಸುತ್ತವೆ.'

ಕ್ಯಾಟಲಾಗ್ ಸಂಪಾದಿಸಿದ ಒಬ್ಬರು: ಆ ಕೊನೆಯ ವಾಕ್ಯ ತೆಗೆದುಬಿಡಿ. ಅದನ್ನು ಯಾರ ಚಿತ್ರಕ್ಕೆ ಅಂಟಿಸಿದರೂ ಅಂಟುತ್ತೆ. ನಿಮ್ಮ ಕೈಯಲ್ಲಿ ಇರೋದು ಅದಕ್ಕಿಂತ ಗಟ್ಟಿ. ವರ್ಷವಿಡೀ ಹರಿಯುವ ನದಿ ಇಲ್ಲದ ಜಿಲ್ಲೆ, ಊರೂರಿಗೂ ಕೆರೆ, ಕೆರೆಯ ನೀರನ್ನು ಗದ್ದೆಗಳಿಗೆ ಹಂಚುತ್ತಿದ್ದ ನೀರುಗಂಟಿ. ಬತ್ತಿದ ಆ ಕೆರೆಗಳಿಗೆ ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ಬೆಂಗಳೂರಿನ ಕೊಳಚೆ ನೀರು ಶುದ್ಧೀಕರಣವಾಗಿ ಬರ್ತಿದೆ. ಮೂರು ಚಿತ್ರವೂ ಒಂದೇ ಪ್ರಶ್ನೆ ಕೇಳ್ತಿವೆ: ಕೆರೆಯ ನೀರು ಯಾರ ಕೈಯಲ್ಲಿದೆ? ಅದನ್ನೇ ಬರೆಯಿರಿ. ಕೆ.ಸಿ. ವ್ಯಾಲಿಯ ವಿವರ ಕಥಾಸಾರದಲ್ಲಿ ಹೇಗೂ ಬರುತ್ತೆ, ಇಲ್ಲಿ ಬೇಡ. ಅರ್ಜಿ ಹಾಕಿದ ಚಿತ್ರವನ್ನು ಹಿಂದಿನ ಚಿತ್ರಗಳ ಸಾಲಿಗೆ ಸೇರಿಸೋದೂ ಬೇಡ.

ಸೌಂಡ್ ಕೆಲಸವನ್ನು ಕೊನೆಗೆ ಪಟ್ಟಿ ಮಾಡಬೇಡಿ, ಮೊದಲ ವಾಕ್ಯಕ್ಕೇ ತನ್ನಿ. ನೀವು ಬೇರೆಯವರಿಗಿಂತ ಭಿನ್ನ ಆಗೋದು ಅಲ್ಲೇ. ಹೀಗೆ ಮಾಡಬಹುದು:

'(ಹೆಸರು) ಕೋಲಾರ ಜಿಲ್ಲೆಯ ಚಿತ್ರ ನಿರ್ದೇಶಕ ಮತ್ತು ಸೌಂಡ್ ರೆಕಾರ್ಡಿಸ್ಟ್. ನದಿಯಿಲ್ಲದ ಈ ಸೀಮೆಯಲ್ಲಿ ಕೆರೆಯ ನೀರನ್ನು ಯಾರು ಹಂಚುತ್ತಾರೆ, ಯಾರಿಗೆ ಸಿಗುವುದಿಲ್ಲ ಎನ್ನುವುದು ಅವರ ಚಿತ್ರಗಳ ವಸ್ತು. ಕಿರುಚಿತ್ರ ತೂಬು (2019, 11 ನಿಮಿಷ), ಸಾಕ್ಷ್ಯಚಿತ್ರ ನೀರುಗಂಟಿ (2022, 24 ನಿಮಿಷ) ಅವರ ಹಿಂದಿನ ಕೃತಿಗಳು. ತಮ್ಮ ಚಿತ್ರಗಳ ಲೊಕೇಶನ್ ಸೌಂಡ್ ಮತ್ತು ಸೌಂಡ್ ಡಿಸೈನ್ ಅವರದೇ. ಕನ್ನಡ, ತೆಲುಗಿನ ಸ್ವತಂತ್ರ ಚಿತ್ರಗಳಿಗೂ ಸೌಂಡ್ ರೆಕಾರ್ಡಿಸ್ಟ್ ಆಗಿ ಕೆಲಸ ಮಾಡಿದ್ದಾರೆ.'

ಕೆಳಗಿನ ಎರಡು ವಾಕ್ಯ ಕತ್ತರಿಸಿ ನೋಡಿ, ಆಗಲೂ ನಿಲ್ಲುತ್ತೆ. ಇಂಗ್ಲಿಷ್‌ನಲ್ಲಿ ಕಳಿಸುವಾಗ ಚಿತ್ರದ ಕನ್ನಡ ಹೆಸರನ್ನು ಬಿಡಬೇಡಿ. ಅದನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಪಕ್ಕದಲ್ಲಿ ಇಂಗ್ಲಿಷ್ ಹೆಸರು ಕೊಡಿ.

ಒಬ್ಬ ಸಂಕಲನಕಾರರು: ಸೌಂಡ್ ಮೊದಲ ವಾಕ್ಯಕ್ಕೆ ಬಂದರೆ ಇವರನ್ನು ತಂತ್ರಜ್ಞ ಅಂತ ಮಾತ್ರ ನೋಡ್ತಾರೆ ಅನ್ನೋ ಅಂಜಿಕೆ ನನಗಿದೆ. ನನ್ನ ಪರಿಚಯದಲ್ಲಿ 'ಸಂಕಲನಕಾರ' ಅಂತ ಮೊದಲು ಬಂದಾಗಲೆಲ್ಲ ಹಾಗೇ ಆಗಿದೆ.

ಕ್ಯಾಟಲಾಗ್ ಸಂಪಾದಿಸಿದ ಒಬ್ಬರು: ಅದಕ್ಕೇ 'ನಿರ್ದೇಶಕ' ಮೊದಲು ಇಟ್ಟೆ. ಆದರೂ ನಿಮ್ಮ ಮಾತಿನಲ್ಲಿ ಹುರುಳಿದೆ. ಈ ಚಿತ್ರದಲ್ಲಿ ಸದ್ದಿಗೆ ಎಷ್ಟು ಜಾಗ ಇದೆ ಅನ್ನೋದರ ಮೇಲೆ ಅವರೇ ತೀರ್ಮಾನ ಮಾಡಲಿ.

ಕೇಳಿದವರು: ವಾಯ್ಸ್ ಓವರ್ ಇಲ್ಲ, ಹಿನ್ನೆಲೆ ಸಂಗೀತವೂ ಇಲ್ಲ. ಪಂಪು, ಕೊಕ್ಕರೆ, ಜನರ ಮಾತು ಅಷ್ಟೇ. ಹಾಗಾಗಿ ಸೌಂಡ್ ಮೊದಲ ವಾಕ್ಯದಲ್ಲೇ ಇರಲಿ ಅನಿಸ್ತಿದೆ. ಒಂದು ಅನುಮಾನ ಉಳೀತು. ಕೆರೆ ಏರಿಯ ಪಕ್ಕ ಪರದೆ ಕಟ್ಟಿ ಊರವರಿಗೆ ಈ ಚಿತ್ರ ತೋರಿಸಿದ್ದೇವೆ. ಅದನ್ನು ಪರಿಚಯದಲ್ಲಿ ಹಾಕಬಹುದಾ?

ಪ್ರಶಸ್ತಿ ಪಡೆದ ಕಿರುಚಿತ್ರಕಾರರು: ಹಾಕಿ, ಚೆನ್ನಾಗಿರುತ್ತೆ. ಚಿತ್ರದಲ್ಲಿ ಇರುವವರೇ ಮೊದಲು ನೋಡಿದರು ಅಂತ ಆಗುತ್ತಲ್ವಾ?

ಕ್ಯಾಟಲಾಗ್ ಸಂಪಾದಿಸಿದ ಒಬ್ಬರು: ಸ್ವಲ್ಪ ತಡೆಯಿರಿ. ಅರ್ಜಿಯಲ್ಲಿ ಇದು ವರ್ಲ್ಡ್ ಪ್ರೀಮಿಯರ್, ಅಂದರೆ ಎಲ್ಲಕ್ಕಿಂತ ಮೊದಲ ಪ್ರದರ್ಶನ ಅಂತ ಹೇಳಿಕೊಂಡು, ಪರಿಚಯದಲ್ಲಿ ಈಗಾಗಲೇ ತೋರಿಸಿದ್ದೇವೆ ಅಂತ ಬರೆದರೆ ಎರಡೂ ತಾಳೆ ಆಗಲ್ಲ. ಊರವರಿಗೆ ಟಿಕೆಟ್ ಇಲ್ಲದೆ ತೋರಿಸಿದ್ದನ್ನು ಕೆಲವು ಉತ್ಸವಗಳು ಲೆಕ್ಕಕ್ಕೆ ತಗೊಳ್ಳಲ್ಲ, ಕೆಲವು ತಗೊಳ್ತವೆ. ಪ್ರೀಮಿಯರ್ ಕಡ್ಡಾಯ ಇರುವ ಕಡೆ ಅರ್ಜಿಗೂ ಮುಂಚೆ ಒಂದು ಮೇಲ್ ಹಾಕಿ ಕೇಳಿ. ಉತ್ತರ ಬರೋವರೆಗೆ ಆ ಸಾಲು ಪರಿಚಯದಲ್ಲಿ ಬೇಡ.